ಡೆಲಿವರಿ ಚೀಟಿಯ ಮೇಲೆ ಎರಡು ಸಾಲು

ಊರು ಬಿಟ್ಟು ಊರಿಗೆ ಮನೆ ಸಾಗಿಸಿದವರೆಲ್ಲ ಒಂದು ಸಹಿ ಹಾಕಿರುತ್ತಾರೆ. ಲಾರಿ ಬಾಗಿಲಿಗೆ ಬಂದಿದೆ, ಸಾಮಾನು ಇಳಿದಿದೆ, ಹಮಾಲರು ನೀರು ಕುಡಿದು ನಿಂತಿದ್ದಾರೆ, ಡ್ರೈವರು ಒಂದು ಹಾಳೆ ಮುಂದೆ ಹಿಡಿಯುತ್ತಾನೆ. "ಸರ, ಲಗೂನ ಸಹಿ ಮಾಡ್ರಿ, ಇನ್ನೂ ಎರಡ ಕಡೆ ಹೋಗಬೇಕ್ರಿ." ಆ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತದೆ: ಎಲ್ಲ ವಸ್ತುಗಳನ್ನೂ ಸುಸ್ಥಿತಿಯಲ್ಲಿ ಪಡೆದಿದ್ದೇನೆ. ನಾವು ಸಹಿ ಹಾಕುತ್ತೇವೆ. ಆಮೇಲೆ ಫ್ರಿಜ್ಜಿನ ಸುತ್ತಿನ ರಟ್ಟು ಬಿಚ್ಚುತ್ತೇವೆ.

ಒಡೆದ ಸಾಮಾನಿಗೆ ಪರಿಹಾರ ಸಿಗದೆ ಹೋಗುವುದು ಬಹುಪಾಲು ಕೋರ್ಟಿನಲ್ಲಲ್ಲ, ಈ ಹಾಳೆಯ ಮೇಲೆ ಎಂಬುದು ನನ್ನ ಅಭಿಪ್ರಾಯ. ಕಾನೂನು ಗಿರಾಕಿಯ ವಿರುದ್ಧ ಇಲ್ಲ. ನಿಜ ಹೇಳಬೇಕೆಂದರೆ, ರಸ್ತೆ ಸಾಗಣೆಯ ಮಟ್ಟಿಗೆ ಅದು ಅಚ್ಚರಿ ಹುಟ್ಟಿಸುವಷ್ಟು ಗಿರಾಕಿಯ ಪರವಾಗಿಯೇ ಇದೆ. ಆದರೆ ಆ ಕಾನೂನು ಕೇಳುವ ಎರಡು ಮೂರು ಕಾಗದಗಳನ್ನು ನಾವು ಮಾಡುವುದಿಲ್ಲ. ಬದಲಿಗೆ ನಲವತ್ತು ಫೋಟೋ ತೆಗೆದು ವಾಟ್ಸಾಪಿನಲ್ಲಿ ಯಾರೋ ಒಬ್ಬ ಮ್ಯಾನೇಜರನಿಗೆ ಕಳಿಸಿ, ದೂರು ಕೊಟ್ಟಾಯಿತು ಅಂದುಕೊಳ್ಳುತ್ತೇವೆ. ಆತ "ನೋಡ್ತೀನಿ ಸರ್" ಅನ್ನುತ್ತಾನೆ. ಒಂದು ತಿಂಗಳಾದ ಮೇಲೆ ಆ ನಂಬರು ಚಾಲ್ತಿಯಲ್ಲಿರುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ಹೋದರೆ ಹೇಳುವುದು ಸುಲಭ. ಹುಬ್ಬಳ್ಳಿಯಿಂದ ಪುಣೆಗೆ ಒಂದು ಮನೆ ಹೊರಟಿದೆ ಎನ್ನಿ. ಜೂನ್ 4ರಂದು ಬುಕ್ಕಿಂಗ್. ಒಟ್ಟು 22,000 ರೂಪಾಯಿ ಬಾಡಿಗೆ. ಜೂನ್ 9ರ ಬೆಳಿಗ್ಗೆ ಸಾಮಾನು ಪುಣೆಯ ಮನೆ ತಲುಪಿತು. ಫ್ರಿಜ್ಜಿನ ಎಡಹಿಂಬದಿಯ ಮೂಲೆ ಜಜ್ಜಿದೆ, ಅಲ್ಲಿ ರಟ್ಟೂ ಹರಿದಿದೆ. ತೇಗದ ಬೀರುವಿನ ಕನ್ನಡಿ ಒಡೆದಿದೆ. ವಾಷಿಂಗ್ ಮೆಷಿನ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದೆ. ಎರಡು ದಿನದ ನಂತರ ಮೆಕ್ಯಾನಿಕ್ ಬಂದು ನೀರಿನ ಪೈಪು ಜೋಡಿಸಿ ಚಾಲೂ ಮಾಡಿದಾಗಲೇ ಒಳಗಿನ ಡ್ರಮ್ಮು ಒಂದು ಕಡೆ ಜೋತುಬಿದ್ದಿರುವುದು ಗೊತ್ತಾಗುತ್ತದೆ.

ಮೊದಲ ಕೆಲಸ ಆ ಹಾಳೆಯದು. ಸಾರಿಗೆಯವರ ಮಾತಿನಲ್ಲಿ ಅದಕ್ಕೆ ಪಿ.ಒ.ಡಿ. ಅನ್ನುತ್ತಾರೆ, ಅಂದರೆ ತಲುಪಿಸಿದ್ದಕ್ಕೆ ಪುರಾವೆ. ಬುಕ್ಕಿಂಗ್ ದಿನ ಕೊಟ್ಟ ಬಿಲ್ಟಿಯ, ಅಂದರೆ ಎಲ್.ಆರ್.ನ, ಒಂದು ಪ್ರತಿಯ ಮೇಲೆಯೇ ಅನೇಕರು ಈ ಸಹಿ ಪಡೆಯುತ್ತಾರೆ. ಸಹಿ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಕದಿದ್ದರೆ ಡ್ರೈವರು ಹೋಗುವುದಿಲ್ಲ, ಅವನ ಬಾಕಿ ಬಾಡಿಗೆ ಆ ಹಾಳೆಯ ಮೇಲೆ ನಿಂತಿರುತ್ತದೆ. ಸಹಿಯ ಮೇಲುಗಡೆ ಎರಡು ಸಾಲು ಬರೆಯಿರಿ, ಅಷ್ಟೆ. "ಫ್ರಿಜ್ ಎಡಹಿಂಬದಿ ಮೂಲೆ ಜಜ್ಜಿದೆ, ಪ್ಯಾಕಿಂಗ್ ಹರಿದಿದೆ. ಬೀರು ಕನ್ನಡಿ ಒಡೆದಿದೆ. ಉಳಿದ 31 ನಗ ಬಿಚ್ಚಿ ನೋಡಿಲ್ಲ. 9 ಜೂನ್, ಬೆಳಿಗ್ಗೆ 11.20." ಇದನ್ನು ಕನ್ನಡದಲ್ಲಿ ಬರೆದರೂ ನಡೆದೀತು, ಆದರೆ ಪುಣೆಯಲ್ಲಿ ಇದನ್ನು ಓದಬೇಕಾದವರು ಬೇರೆ, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯುವುದು ಜಾಣತನ. ಬರೆದ ಹಾಳೆಯ ಫೋಟೋ ತೆಗೆದುಕೊಳ್ಳಿ, ಡ್ರೈವರ್ ಸಹಿಯೂ ಅದರಲ್ಲಿರಲಿ.

"ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಿದೆ" ಎಂದು ಮಾತ್ರ ಬರೆದು ಜಾಣರಾದೆವು ಅಂದುಕೊಳ್ಳುವವರಿದ್ದಾರೆ. ಕ್ಲೇಮು ನೋಡುವವರಿಗೆ ಈ ಮಾತು ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಇದನ್ನು ಏನೂ ಒಡೆಯದ ಸಾಮಾನಿನ ಮೇಲೂ ಬರೆಯಬಹುದು. ಯಾವ ವಸ್ತು, ಯಾವ ಬದಿ, ಹೊರಗಿನ ಪ್ಯಾಕಿಂಗಿನ ಸ್ಥಿತಿ ಏನು ಎಂಬ ಮೂರು ಸಂಗತಿ ಇದ್ದರೆ ಅದು ಸಾಕ್ಷಿ. ಅದರಲ್ಲೂ ಕೊನೆಯದು ಮುಖ್ಯ. ಪ್ಯಾಕಿಂಗ್ ಹರಿದಿರುವುದನ್ನು ಡ್ರೈವರ್ ಎದುರಿಗೇ ದಾಖಲಿಸಿದರೆ, ಒಳಗಿನ ವಸ್ತು ನಿಮ್ಮ ಮನೆಯಲ್ಲಿ ಬಿದ್ದು ಜಜ್ಜಿತು ಎಂದು ಆಮೇಲೆ ಹೇಳುವುದು ಅವರಿಗೆ ಕಷ್ಟ.

ಈಗೀಗ ಹಾಳೆಯೇ ಇಲ್ಲದ ಡೆಲಿವರಿಗಳು ಹೆಚ್ಚಾಗಿವೆ. ಮೊಬೈಲಿನ ಗಾಜಿನ ಮೇಲೆ ಬೆರಳಿನಲ್ಲಿ ಗೀಚಿ ಎನ್ನುತ್ತಾರೆ, ಇಲ್ಲವೇ ಒಟಿಪಿ ಕೇಳುತ್ತಾರೆ. ಅಲ್ಲಿ ಷರಾ ಬರೆಯಲು ಜಾಗವೇ ಇಲ್ಲ. ಇದು ಮರೆವಿನಿಂದ ಆದದ್ದೆಂದು ನಾನು ನಂಬುವುದಿಲ್ಲ. ಅಂಥ ಕಡೆ ಒಟಿಪಿ ಕೊಡುವ ಮೊದಲೇ ಅದೇ ಎರಡು ಸಾಲನ್ನು ಕಂಪನಿಯ ಇಮೇಲಿಗೆ ಕಳಿಸಿ, ಕಳಿಸಿದ್ದನ್ನು ಡ್ರೈವರಿಗೆ ತೋರಿಸಿ, ಆಮೇಲೆ ಅಂಕಿ ಹೇಳಿ. ಇಮೇಲಿನ ಹೊತ್ತು ಡೆಲಿವರಿಯ ಹೊತ್ತಿಗಿಂತ ಎರಡು ನಿಮಿಷ ಮೊದಲಿದ್ದರೆ, ಇಲ್ಲವೇ ಐದು ನಿಮಿಷ ಆಚೆಗಿದ್ದರೂ, ಅದೇ ನಿಮ್ಮ ಷರಾ.

ಇನ್ನು ಫೋಟೋಗಳ ವಿಚಾರ. ಜನ ಒಡೆದ ಜಾಗವನ್ನು ಮಾತ್ರ ತೆಗೆಯುತ್ತಾರೆ. ಹತ್ತಿರದಿಂದ ತೆಗೆದ ಒಂದು ಜಜ್ಜು ಯಾರ ಫ್ರಿಜ್ಜಿನದಾದರೂ ಆಗಬಹುದು, ಯಾವ ವರ್ಷದ್ದಾದರೂ ಆಗಬಹುದು. ಕ್ಲೇಮಿಗೆ ಬೇಕಾಗುವುದು ದೂರದಿಂದ ಹತ್ತಿರಕ್ಕೆ ಬರುವ ಒಂದು ಸರಣಿ. ಮೊದಲು ಬಂದ ಲಾರಿಯ ನಂಬರ್ ಪ್ಲೇಟು. ಇದು ಯಾಕೆಂದರೆ, ಹುಬ್ಬಳ್ಳಿಯಲ್ಲಿ ಸಾಮಾನು ತುಂಬಿದ ಲಾರಿಯೇ ಪುಣೆಗೆ ಬರುತ್ತದೆ ಎಂಬ ಖಾತರಿ ಇಲ್ಲ. ಸಣ್ಣ ಮನೆಯ ಸಾಮಾನು ಬೇರೆಯವರ ಸರಕಿನ ಜೊತೆ ಹೊರಟು, ದಾರಿಯ ಯಾವುದೋ ಗೋದಾಮಿನಲ್ಲಿ ಇಳಿದು, ಇನ್ನೊಂದು ಗಾಡಿ ಹತ್ತುತ್ತದೆ. ಹಾನಿ ಆಗುವುದು ಓಡುವ ಲಾರಿಯಲ್ಲಿರುವುದಕ್ಕಿಂತ ಇಂಥ ಹತ್ತಿಸಿ ಇಳಿಸುವ ಕಡೆಗಳಲ್ಲೇ ಹೆಚ್ಚು ಎಂದು ಈ ವ್ಯಾಪಾರದಲ್ಲಿರುವವರು ತಾವೇ ಹೇಳುತ್ತಾರೆ. ಬಿಲ್ಟಿಯಲ್ಲಿ ಒಂದು ನಂಬರು, ಬಾಗಿಲ ಮುಂದೆ ಇನ್ನೊಂದು ನಂಬರು ಇದ್ದರೆ, ನಡುವೆ ಒಂದು ಗೋದಾಮು ಇತ್ತೆಂದು ಆ ಫೋಟೋ ಹೇಳುತ್ತದೆ.

ಆಮೇಲೆ ಇಡೀ ನಗ, ಬಿಚ್ಚುವ ಮೊದಲು, ಅದರ ಮೇಲಿನ ನಂಬರಿನ ಚೀಟಿ ಕಾಣುವಂತೆ. ನಂತರ ಹರಿದ ಪ್ಯಾಕಿಂಗ್, ಬಿಚ್ಚಿದ ಮೇಲೆ ಒಳಗಿನ ಪದರಗಳು, ಅನಂತರ ಜಜ್ಜಿದ ಜಾಗ, ಕೊನೆಗೆ ಫ್ರಿಜ್ಜಿನ ಸೀರಿಯಲ್ ನಂಬರಿನ ಪಟ್ಟಿ. ಜಜ್ಜಿದ ಜಾಗದ ಪಕ್ಕ ಒಂದು ಅಳತೆ ಪಟ್ಟಿಯನ್ನೋ ಹತ್ತು ರೂಪಾಯಿ ನಾಣ್ಯವನ್ನೋ ಇಟ್ಟರೆ ಗಾತ್ರ ತಿಳಿಯುತ್ತದೆ. ಹನ್ನೆರಡು ಫೋಟೋ ಸಾಕು. ಇವನ್ನು ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಫೋಟೋ ತೆಗೆದ ದಿನ ಹೊತ್ತಿನ ವಿವರವೂ ಉದುರಿಹೋಗುತ್ತದೆ. ಆದ್ದರಿಂದ ಇಮೇಲಿಗೆ ಲಗತ್ತಿಸಿ, ಮೂಲ ಫೈಲನ್ನು ಫೋನಿನಿಂದ ಅಳಿಸದೆ ಇನ್ನೊಂದು ಕಡೆಯೂ ಇಟ್ಟುಕೊಳ್ಳಿ. ಸಾಮಾನು ಹುಬ್ಬಳ್ಳಿ ಬಿಡುವ ಮೊದಲು ತೆಗೆದ ಫೋಟೋ ಇದ್ದರಂತೂ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಇಷ್ಟಾದರೂ ಕಾನೂನಿನ ಕಣ್ಣಿನಲ್ಲಿ ಇನ್ನೂ ಏನೂ ಆಗಿಲ್ಲ. ಲಾರಿ ಸಾಗಣೆಗೆ ಈಗ ಅನ್ವಯವಾಗುವುದು 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ. 1865ರಿಂದ ಇದ್ದ ಕ್ಯಾರಿಯರ್ಸ್ ಕಾಯ್ದೆಯ ಜಾಗಕ್ಕೆ ಬಂದದ್ದು ಇದು, 2011ರಲ್ಲಿ ಜಾರಿಯಾಯಿತು. ಇದರ 16ನೇ ಕಲಮು ಹೇಳುವುದಿಷ್ಟು: ನಷ್ಟ ಅಥವಾ ಹಾನಿಯ ಬಗ್ಗೆ ಲಿಖಿತ ನೋಟೀಸು ಸಾಗಣೆದಾರನಿಗೆ ತಲುಪಿರದಿದ್ದರೆ ಅವನ ಮೇಲೆ ದಾವೆಯನ್ನಾಗಲಿ ಬೇರೆ ಕಾನೂನು ಕ್ರಮವನ್ನಾಗಲಿ ಹೂಡುವಂತಿಲ್ಲ. ಆ ನೋಟೀಸು ತಲುಪಬೇಕಾದದ್ದು 180 ದಿನದೊಳಗೆ, ಮತ್ತು ಆ ದಿನಗಳ ಎಣಿಕೆ ಬುಕ್ಕಿಂಗ್ ದಿನದಿಂದ ಶುರು.

ಬುಕ್ಕಿಂಗ್ ದಿನದಿಂದ ಎಂಬುದನ್ನು ಗಮನಿಸಿ. ಹಳೆಯ 1865ರ ಕಾಯ್ದೆಯಲ್ಲಿ ಆರು ತಿಂಗಳ ಎಣಿಕೆ ನಷ್ಟ ಮೊದಲು ತಿಳಿದುಬಂದ ಹೊತ್ತಿನಿಂದ ಶುರುವಾಗುತ್ತಿತ್ತು. ಬ್ರಿಟಿಷರು ಕೊಟ್ಟ ಆ ಸಣ್ಣ ಉದಾರತೆಯನ್ನು ನಾವು ಕಿತ್ತುಹಾಕಿದ್ದೇವೆ. ನಮ್ಮ ಉದಾಹರಣೆಯಲ್ಲಿ ಜೂನ್ 4ರಿಂದ ಎಣಿಸಿದರೆ ಡಿಸೆಂಬರ್ 1 ಕೊನೆಯ ದಿನ. ಸಾಮಾನು ಜೂನ್ 9ಕ್ಕೆ ಬಂದಿತೋ, ಒಂದು ತಿಂಗಳು ಗೋದಾಮಿನಲ್ಲಿ ಕೊಳೆತು ಜುಲೈಯಲ್ಲಿ ಬಂದಿತೋ, ಪೆಟ್ಟಿಗೆಯನ್ನು ದೀಪಾವಳಿಗೆ ಬಿಚ್ಚಿದಿರೋ, ಆ ದಿನ ಬದಲಾಗುವುದಿಲ್ಲ. ನವೆಂಬರ್ 30ಕ್ಕೆ ಅಂಚೆಗೆ ಹಾಕಿದರೂ ಪ್ರಯೋಜನ ಅನುಮಾನ, ಕಾಯ್ದೆ ಕೇಳುವುದು ತಲುಪಿದ್ದನ್ನು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅನೇಕ ಕಂಪನಿಗಳ ಬಿಲ್ಟಿಯ ಹಿಂದೆ, 24 ಗಂಟೆಯೊಳಗೆ ತಿಳಿಸದಿದ್ದರೆ ಯಾವ ಕ್ಲೇಮನ್ನೂ ಪರಿಗಣಿಸುವುದಿಲ್ಲ ಎಂದು ಅಚ್ಚಾಗಿರುತ್ತದೆ. ಸಂಸತ್ತು 180 ದಿನ ಕೊಟ್ಟಿರುವಾಗ ಅಚ್ಚುಕೂಟದವನು ಅದನ್ನು ಒಂದು ದಿನಕ್ಕೆ ಇಳಿಸಲು ಬರುತ್ತದೆಯೇ? ಇಂತಿಷ್ಟು ಅವಧಿ ಮುಗಿದ ಕೂಡಲೇ ಹಕ್ಕೇ ಅಳಿಯುತ್ತದೆ ಎನ್ನುವ ಒಪ್ಪಂದವನ್ನು 1872ರ ಕರಾರು ಕಾಯ್ದೆಯ 28ನೇ ಕಲಮು ಅನೂರ್ಜಿತ ಅನ್ನುತ್ತದೆ. ಹಾಗಾಗಿ 24 ಗಂಟೆ ಮೀರಿತೆಂದು ಕೈಚೆಲ್ಲಬೇಕಾಗಿಲ್ಲ. ಆದರೂ ಆದಷ್ಟು ಬೇಗ, ಅದೇ ದಿನವೇ ತಿಳಿಸಿ. ಇದು ಅವರ ಷರತ್ತಿಗೆ ಹೆದರಿ ಅಲ್ಲ. ದಿನ ಕಳೆದಷ್ಟೂ ಹಾನಿ ದಾರಿಯಲ್ಲಿ ಆಯಿತೋ ಮನೆಯಲ್ಲಿ ಆಯಿತೋ ಎಂಬ ಪ್ರಶ್ನೆ ಬಲಿಯುತ್ತಾ ಹೋಗುತ್ತದೆ, ಅದಕ್ಕೆ.

ನೋಟೀಸು ಅಂದರೆ ವಕೀಲರೇ ಬರೆಯಬೇಕಾದ ಕಾಗದವಲ್ಲ. ಒಂದು ಪುಟ ಸಾಕು. ಎಲ್.ಆರ್. ನಂಬರು, ಬುಕ್ಕಿಂಗ್ ದಿನ, ಎಲ್ಲಿಂದ ಎಲ್ಲಿಗೆ, ಡೆಲಿವರಿ ದಿನ, ಬಂದ ಗಾಡಿಯ ನಂಬರು ಮೊದಲಿಗೆ. ಆಮೇಲೆ ಹಾನಿಯಾದ ವಸ್ತುಗಳು, ಪ್ರತಿಯೊಂದರ ಮುಂದೆ ಹಾನಿಯ ಬಗೆ ಮತ್ತು ಅಂದಾಜು ಮೊತ್ತ. ಕೊನೆಯ ಪ್ಯಾರಾ ಹೀಗಿರಬಹುದು: "ಈ ಹಾನಿ ಸಾಮಾನು ತಮ್ಮ ವಶದಲ್ಲಿದ್ದಾಗ ಆಗಿದೆ. ಡೆಲಿವರಿ ಚೀಟಿಯ ಮೇಲಿನ ಷರಾ ಮತ್ತು 12 ಫೋಟೋಗಳನ್ನು ಲಗತ್ತಿಸಿದ್ದೇನೆ. ವಸ್ತುಗಳನ್ನೂ ಪ್ಯಾಕಿಂಗನ್ನೂ ಬಂದ ಸ್ಥಿತಿಯಲ್ಲೇ ಇಟ್ಟಿದ್ದೇನೆ. ಜೂನ್ 16ರೊಳಗೆ ತಮ್ಮ ಪ್ರತಿನಿಧಿಯನ್ನು ಕಳಿಸಿ, ನನ್ನ ಸಮಕ್ಷಮ ಪರಿಶೀಲಿಸಿ, ವರದಿಯ ಪ್ರತಿಯನ್ನು ನನಗೆ ಕೊಡಬೇಕು. ಆ ದಿನದೊಳಗೆ ಯಾರೂ ಬಾರದಿದ್ದರೆ ಅಧಿಕೃತ ಸರ್ವಿಸ್ ಸೆಂಟರಿನಿಂದ ಪರಿಶೀಲನೆ ಮಾಡಿಸಿ ರಿಪೇರಿಗೆ ಕೊಡುತ್ತೇನೆ. ಇದನ್ನು 2007ರ ಕಾಯ್ದೆಯ 16ನೇ ಕಲಮಿನ ನೋಟೀಸು ಎಂದು ತಿಳಿಯತಕ್ಕದ್ದು." ಈ ಕೊನೆಯ ವಾಕ್ಯಕ್ಕೆ ಖರ್ಚಿಲ್ಲ, ಆದರೆ ಬಂದದ್ದು ಬರಿಯ ದೂರು ಎಂದು ಆಮೇಲೆ ತಳ್ಳಿಹಾಕಲು ಬಿಡುವುದಿಲ್ಲ. ಇಮೇಲಿನಲ್ಲಿ ಕಳಿಸಿ, ಜೊತೆಗೆ ಬಿಲ್ಟಿಯ ಮೇಲೆ ಅಚ್ಚಾಗಿರುವ ಕಚೇರಿ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಬುಕ್ಕಿಂಗ್ ಮಾಡಿದ ಹುಡುಗನ ಮೊಬೈಲಿಗೆ ಕಳಿಸಿದ್ದು ಕಂಪನಿಗೆ ತಲುಪಿದ್ದಲ್ಲ ಎಂಬ ವಾದಕ್ಕೆ ಆಸ್ಪದ ಬೇಡ.

ವಾಷಿಂಗ್ ಮೆಷಿನ್ ವಿಷಯ ಗೊತ್ತಾದದ್ದು ಜೂನ್ 11ಕ್ಕೆ. ಅದಕ್ಕೆ ಅಂದೇ ಎರಡನೇ ಪತ್ರ, ಮೊದಲನೆಯದನ್ನು ಉಲ್ಲೇಖಿಸಿ. ಹೊರಗೆ ಕಾಣದ ಹಾನಿಯನ್ನು ಸಾಬೀತು ಮಾಡುವುದು ನಿಜಕ್ಕೂ ಕಷ್ಟ, ಅದನ್ನು ಮುಚ್ಚಿಡಬಾರದು. ಇಲ್ಲಿ ಮೆಕ್ಯಾನಿಕ್ ಬರೆದುಕೊಡುವ ಸರ್ವಿಸ್ ಚೀಟಿಯೇ ಮುಖ್ಯ. ಮುಂಭಾಗದಿಂದ ಬಟ್ಟೆ ಹಾಕುವ ಯಂತ್ರಗಳನ್ನು ಸಾಗಿಸುವಾಗ ಡ್ರಮ್ಮು ಅಲುಗಾಡದಂತೆ ಹಿಂಬದಿಯಿಂದ ಉದ್ದನೆಯ ಟ್ರಾನ್ಸಿಟ್ ಬೋಲ್ಟುಗಳನ್ನು ಬಿಗಿಯಬೇಕು. ಹೊಸ ಯಂತ್ರ ಬಂದಾಗ ಇವು ಇರುತ್ತವೆ, ಅಳವಡಿಸುವಾಗ ತೆಗೆಯುತ್ತಾರೆ, ನಾವು ಎಲ್ಲೋ ಕಳೆಯುತ್ತೇವೆ. ಬೋಲ್ಟಿಲ್ಲದೆ ಐದು ದಿನ ಕುಲುಕಿದ ಯಂತ್ರದ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಕಿತ್ತುಬರುತ್ತವೆ. ಆಗ ಪ್ರಶ್ನೆ, ಬೋಲ್ಟು ಹಾಕುವ ಹೊಣೆ ಯಾರದು? ಪ್ಯಾಕಿಂಗ್ ಕೂಲಿಯೂ ಬಿಲ್ಲಿನಲ್ಲಿ ಸೇರಿದ್ದರೆ ಹೊಣೆ ಅವರದೇ ಎಂದು ವಾದಿಸಬಹುದು. ನೀವೇ ಪ್ಯಾಕ್ ಮಾಡಿ ಕೊಟ್ಟಿದ್ದರೆ ಈ ಒಂದು ವಸ್ತುವಿನ ಕ್ಲೇಮು ಬಹುಶಃ ನಿಲ್ಲುವುದಿಲ್ಲ, ಅದನ್ನು ಪಟ್ಟಿಯಿಂದ ಬಿಡುವುದೇ ಒಳ್ಳೆಯದು. ನಿಲ್ಲದ ಒಂದು ಬೇಡಿಕೆ ನಿಲ್ಲುವ ಎರಡನ್ನೂ ಅನುಮಾನಕ್ಕೆ ತಳ್ಳುತ್ತದೆ.

ಪರಿಶೀಲನೆಗೆ ಬಂದವರು ಏನು ನೋಡುತ್ತಾರೆ ಎಂಬುದು ಗೊತ್ತಿದ್ದರೆ ಏನನ್ನು ಉಳಿಸಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ. ಅನುಭವಿ ಸರ್ವೇಯರ್ ಮೊದಲು ಒಡೆದ ಜಾಗ ನೋಡುವುದಿಲ್ಲ, ರಟ್ಟು ಕೇಳುತ್ತಾನೆ. ಒಳಗಿನ ಜಜ್ಜಿಗೂ ಹೊರಗಿನ ರಟ್ಟಿನ ಹರಿತಕ್ಕೂ ಜಾಗ ಹೊಂದುತ್ತದೆಯೇ ಎಂದು ಇಟ್ಟು ನೋಡುತ್ತಾನೆ. ನೀವು ರಟ್ಟನ್ನು ಅಂದೇ ರದ್ದಿಯವನಿಗೆ ಕೊಟ್ಟಿದ್ದರೆ ಆ ಪರೀಕ್ಷೆಯೇ ಇಲ್ಲವಾಯಿತು. ಆಮೇಲೆ ಜಜ್ಜು ಹೊಸದೋ ಹಳೆಯದೋ ಎಂಬ ಪ್ರಶ್ನೆ. ಬಣ್ಣ ಎದ್ದ ಕಡೆ ತಗಡು ಬೆಳ್ಳಗೆ ಹೊಳೆಯುತ್ತಿದ್ದರೆ ಹೊಸದು. ಅಂಚಿನಲ್ಲಿ ತುಕ್ಕು, ಎಣ್ಣೆಜಿಡ್ಡು, ಧೂಳು ಕೂತಿದ್ದರೆ ಹಳೆಯದು. ಹಗ್ಗ ಬಿಗಿದ ಗುರುತು ನೇರ ಗೆರೆಯಾಗಿರುತ್ತದೆ. ಪಕ್ಕದ ಮಂಚ ತಿಕ್ಕಿದ್ದರೆ ಅದರ ಬಣ್ಣ ಇದಕ್ಕೆ ಅಂಟಿರುತ್ತದೆ. ಇವೆಲ್ಲ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವ ಸಾಕ್ಷಿಗಳು, ಆದ್ದರಿಂದ ಆ ಮೂಲೆಯನ್ನು ಒರೆಸಬೇಡಿ. ಫ್ರಿಜ್ಜನ್ನು ಚಾಲೂ ಕೂಡ ಮಾಡಬೇಡಿ. ಹಿಂಬದಿಯ ಕೊಳವೆ ಬಾಗಿದ್ದರೆ ಚಾಲೂ ಮಾಡಿದ ಮೇಲೆ ಕಂಪ್ರೆಸರ್ ಕೆಡಬಹುದು. ಕೆಟ್ಟದ್ದು ನಿಮ್ಮ ಮನೆಯ ಕರೆಂಟಿನಿಂದ ಎಂದು ಹೇಳಲು ಅವರಿಗೆ ದಾರಿಯಾಗುತ್ತದೆ.

ಆದರೆ ಸರ್ವೇಯರ್ ಬರುತ್ತಾನೆಯೇ? ನನ್ನ ತಕರಾರು ಇರುವುದೇ ಇಲ್ಲಿ. 2007ರ ಕಾಯ್ದೆ ಗಿರಾಕಿಗೆ 180 ದಿನದ ಗಡುವು ಹಾಕಿದೆ, ದಾಟಿದರೆ ಹಕ್ಕೇ ಹೋಯಿತು. ಸಾಗಣೆದಾರ ಇಂತಿಷ್ಟು ದಿನದಲ್ಲಿ ಬಂದು ನೋಡಬೇಕು, ಇಂತಿಷ್ಟು ದಿನದಲ್ಲಿ ಉತ್ತರಿಸಬೇಕು ಎಂಬ ಮಾತು ಆ ಕಾಯ್ದೆಯಲ್ಲಿ ಇಲ್ಲ. ಪರಿಶೀಲನೆಯನ್ನು ನಾವು ಕೋರಬಹುದು, ಅಷ್ಟೇ. ಹೊಸ ಊರಿನಲ್ಲಿ, ಫ್ರಿಜ್ಜಿಲ್ಲದ ಅಡುಗೆಮನೆಯಲ್ಲಿ, ಮಕ್ಕಳ ಹಾಲು ಕೆಡುತ್ತಿರುವಾಗ ಎಷ್ಟು ದಿನ ಕಾಯಲಾಗುತ್ತದೆ? ಜನ ಒಂದು ವಾರ ಕಾದು ರಿಪೇರಿ ಮಾಡಿಸುತ್ತಾರೆ. ಆಮೇಲೆ ಕಂಪನಿ ಹೇಳುತ್ತದೆ, ನಾವು ನೋಡುವ ಮೊದಲೇ ರಿಪೇರಿಯಾಗಿದೆ, ಕ್ಲೇಮು ಆಗುವುದಿಲ್ಲ ಎಂದು. ಮೇಲಿನ ಪತ್ರದಲ್ಲಿ ದಿನ ನಿಗದಿ ಮಾಡಿ, ಬಾರದಿದ್ದರೆ ಏನು ಮಾಡುತ್ತೇನೆಂದು ಮೊದಲೇ ಬರೆದದ್ದು ಈ ಮಾತಿಗೆ ಉತ್ತರವಾಗಿ.

ರೈಲಿನ ಕಡೆ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1989ರ ರೈಲ್ವೆ ಕಾಯ್ದೆಯ 81ನೇ ಕಲಮಿನ ಪ್ರಕಾರ ಸರಕು ಹಾನಿಗೊಂಡು ಬಂದಿದ್ದರೆ, ಅಥವಾ ಯಾರೋ ಕೈಹಾಕಿದ ಗುರುತಿದ್ದರೆ, ಪಡೆಯುವವನು ಓಪನ್ ಡೆಲಿವರಿ ಕೇಳಬಹುದು. ಕೇಳಿದರೆ ರೈಲ್ವೆ ಕೊಡಲೇಬೇಕು. ಅಂದರೆ ರೈಲ್ವೆ ನೌಕರನ ಎದುರಿಗೇ ಬಿಚ್ಚಿ, ಏನು ಕಡಿಮೆ, ಏನು ಒಡೆದಿದೆ ಎಂದು ಬರೆದು ಡೆಲಿವರಿ ಕೊಡುವುದು. ಪಾರ್ಸೆಲ್ಲಿನಲ್ಲಿ ಬೈಕು ಕಳಿಸಿದವರಿಗೆ ಇದು ನೆನಪಿರಬೇಕಾದ ಮಾತು: ಟ್ಯಾಂಕು ಜಜ್ಜಿದ್ದರೆ ಗಾಡಿಯನ್ನು ಸ್ಟೇಷನ್ನಿನಿಂದ ಹೊರಗೆ ತರುವ ಮೊದಲು ಪಾರ್ಸೆಲ್ ಆಫೀಸಿನಲ್ಲೇ ಅದನ್ನು ಕೇಳಿ. ಅಲ್ಲೂ ನೋಟೀಸಿಗೆ ಆರು ತಿಂಗಳ ಗಡುವಿದೆ, ಅದೂ ಸರಕು ಒಪ್ಪಿಸಿದ ದಿನದಿಂದಲೇ. ರೈಲ್ವೆಯವರು ಈ ಹಕ್ಕನ್ನು ಖುಷಿಯಿಂದ ಕೊಡುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಕೇಳುವವನ ಕೈಯಲ್ಲಿ ಒಂದು ಕಲಮಿನ ನಂಬರು ಇದೆ. ಲಾರಿಯ ಮುಂದೆ ನಿಂತವನ ಕೈಯಲ್ಲಿ ಅದೂ ಇಲ್ಲ. ಮನೆ ಸಾಗಿಸುವ ಜನ ಹೆಚ್ಚುಪಾಲು ಲಾರಿಯನ್ನೇ ಹಿಡಿಯುವ ಕಾಲದಲ್ಲಿ 81ನೇ ಕಲಮಿನಂಥದ್ದೊಂದು 2007ರ ಕಾಯ್ದೆಗೂ ಬರಬೇಕು; ನೋಟೀಸು ತಲುಪಿದ ಏಳು ದಿನದಲ್ಲಿ ಪರಿಶೀಲಿಸದ ಸಾಗಣೆದಾರ ಆಮೇಲೆ ಹಾನಿಯ ಬಗೆಯನ್ನು ಪ್ರಶ್ನಿಸುವಂತಿಲ್ಲ ಎಂಬ ಒಂದು ವಾಕ್ಯವೂ ಸೇರಬೇಕು ಎಂದು ನಾನು ವಾದಿಸುತ್ತೇನೆ. ಇದರಿಂದ ಪ್ರಾಮಾಣಿಕ ಕಂಪನಿಗೂ ಅನುಕೂಲವೇ, ಹಳೆಯ ಜಜ್ಜನ್ನು ಹೊಸದೆಂದು ತೋರಿಸುವ ಗಿರಾಕಿಯೂ ಸಿಕ್ಕಿಬೀಳುತ್ತಾನೆ. ಅಂಥವರು ಇಲ್ಲವೆಂದು ಯಾರೂ ಹೇಳಲಾರರು.

ದುಡ್ಡಿನ ಲೆಕ್ಕಕ್ಕೆ ಬರೋಣ. ಕಾಯ್ದೆ ಸಾಗಣೆದಾರನ ಮೇಲೆ ಹೊರಿಸಿರುವ ಹೊಣೆ ಭಾರಿಯದು. ಅವನ ಅಜಾಗರೂಕತೆಯನ್ನು ನಾವು ಸಾಬೀತು ಮಾಡಬೇಕಿಲ್ಲ ಎಂದು 12ನೇ ಕಲಮು ಹೇಳುತ್ತದೆ. ದೈವಕೃತ್ಯ, ಯುದ್ಧ, ದಂಗೆ, ಸರ್ಕಾರದ ಜಪ್ತಿಯಂಥ ಕೆಲವೇ ಕಾರಣಗಳಿಗೆ ವಿನಾಯಿತಿ. ಜೂನ್ ತಿಂಗಳಲ್ಲಿ ಘಟ್ಟದಲ್ಲಿ ಸುರಿದ ಮಳೆ ದೈವಕೃತ್ಯ ಎಂದು ಕೆಲವರು ಉತ್ತರ ಬರೆಯುವುದುಂಟು. ಜೂನಿನಲ್ಲಿ ಮಳೆ ಬರುತ್ತದೆಂದು ತಿಳಿಯದ ಲಾರಿ ಮಾಲೀಕ ಯಾರಿದ್ದಾನೆ? ಅದಕ್ಕೇ ತಾಡಪಾಲು ಇರುವುದು. "ನಾವು ಬರೀ ಬ್ರೋಕರ್, ಗಾಡಿ ನಮ್ಮದಲ್ಲ" ಎಂಬ ಇನ್ನೊಂದು ಉತ್ತರವೂ ನಿಲ್ಲುವುದಿಲ್ಲ. ಬುಕ್ಕಿಂಗ್ ಕಂಪನಿ, ಏಜೆಂಟ್, ಬ್ರೋಕರ್, ಕೊರಿಯರ್ ಎಲ್ಲರನ್ನೂ ಕಾಯ್ದೆ ತನ್ನ ವ್ಯಾಖ್ಯೆಯೊಳಗೇ ಸೇರಿಸಿಕೊಂಡಿದೆ.

ಆದರೆ ಹೊಣೆಗೆ ಒಂದು ಮಿತಿ ಇದೆ. 2011ರ ನಿಯಮಗಳ ಪ್ರಕಾರ, ಹೆಚ್ಚಿನ ಅಪಾಯದ ದರ ಕೊಟ್ಟು ಬುಕ್ ಮಾಡದಿದ್ದರೆ, ಪರಿಹಾರ ಬಾಡಿಗೆಯ ಹತ್ತು ಪಟ್ಟನ್ನು ಮೀರುವಂತಿಲ್ಲ, ಮತ್ತು ಬುಕ್ಕಿಂಗ್ ವೇಳೆ ಘೋಷಿಸಿದ ಬೆಲೆಯನ್ನೂ ಮೀರುವಂತಿಲ್ಲ. ನಮ್ಮ ಹುಬ್ಬಳ್ಳಿ ಮನೆಯವರು ಸಾಮಾನಿನ ಬೆಲೆ 3,00,000 ಎಂದು ಬರೆಸಿದ್ದರೆ, 22,000ದ ಹತ್ತು ಪಟ್ಟು, ಅಂದರೆ 2,20,000ದವರೆಗೆ ಕೇಳಬಹುದು. ಆ 22,000ದಲ್ಲಿ ಪ್ಯಾಕಿಂಗ್ 5,000, ಹತ್ತಿಸಿ ಇಳಿಸುವ ಕೂಲಿ 3,000 ಎಂದು ಬಿಲ್ಲು ಬೇರೆ ತೋರಿಸಿದ್ದರೆ, ನಿಜವಾದ ಬಾಡಿಗೆ 14,000 ಮಾತ್ರ, ಮಿತಿ 1,40,000 ಎಂದು ಕಂಪನಿ ವಾದಿಸಬಹುದು. ಇಲ್ಲಿಯವರೆಗೂ ಚಿಂತೆಯಿಲ್ಲ, ಫ್ರಿಜ್ಜು, ಕನ್ನಡಿ, ವಾಷಿಂಗ್ ಮೆಷಿನ್ ಎಲ್ಲ ಸೇರಿದರೂ ಅಷ್ಟಾಗದು. ಹೊಡೆತ ಬೀಳುವುದು ಬೇರೆ ಕಡೆ. ಬುಕ್ಕಿಂಗ್ ಹುಡುಗ, "ಚೆಕ್‌ಪೋಸ್ಟಿನಲ್ಲಿ ತೊಂದರೆ ಬೇಡ" ಎಂದು ಇಡೀ ಮನೆಯ ಬೆಲೆಯನ್ನು 20,000 ಎಂದು ಬರೆದಿರುತ್ತಾನೆ. ಆಗ ಮಿತಿ ಅದೇ 20,000. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿಯ ಇ-ವೇ ಬಿಲ್ಲೇ ಬೇಕಿಲ್ಲ ಎಂದು ನಿಯಮವಿರುವಾಗ ನಿಜವಾದ ಬೆಲೆ ಬರೆದರೆ ಬರುವ ತೊಂದರೆ ಯಾವುದು ಎಂದು ಅವನನ್ನು ಕೇಳಿ.

ಟ್ರಾನ್ಸಿಟ್ ಇನ್ಶೂರೆನ್ಸ್ ಎಂದು ಬಿಲ್ಲಿನಲ್ಲಿ ಶೇಕಡಾ ಇಷ್ಟು ಎಂದು ಕತ್ತರಿಸಿದ್ದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರು ಇರುವ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದು ಇಲ್ಲದಿದ್ದರೆ ನೀವು ಕೊಟ್ಟದ್ದು ವಿಮೆಯ ಕಂತಲ್ಲ. ನಿಜವಾದ ಪಾಲಿಸಿ ಇದ್ದರೂ ಸಾಗಣೆದಾರನಿಗೆ ನೋಟೀಸು ಕೊಡುವುದು ತಪ್ಪುವುದಿಲ್ಲ. ವಿಮೆಯವರು ನಿಮಗೆ ಹಣ ಕೊಟ್ಟು, ನಿಮ್ಮ ಹಕ್ಕಿನಲ್ಲಿ ನಿಂತು ಲಾರಿಯವರಿಂದ ವಸೂಲಿಗೆ ಹೊರಡುತ್ತಾರೆ. ನೀವು ಆ ಹಕ್ಕನ್ನು ಕಳೆದಿದ್ದರೆ ನಿಮ್ಮ ಹಣಕ್ಕೇ ಕತ್ತರಿ.

ಪತ್ರ ತಲುಪಿದ ಮೇಲೆ ಸಾಮಾನ್ಯವಾಗಿ ಒಂದು ಫೋನು ಬರುತ್ತದೆ. 1,500 ರೂಪಾಯಿ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಮಾಡಿ. ಆ ಕಾಗದದಲ್ಲಿ ಇನ್ನು ಯಾವ ಬಾಕಿಯೂ ಇಲ್ಲ ಎಂದಿದ್ದರೆ ಅದು ಕ್ಲೇಮಿನ ಮುಕ್ತಾಯ. ಕನ್ನಡಿಗೆ ಮಾತ್ರ ಕೊಡುತ್ತಿದ್ದರೆ ಕನ್ನಡಿಗೆ ಮಾತ್ರ ಎಂದು ಬರೆಸಿಕೊಂಡು ತೆಗೆದುಕೊಳ್ಳಬಹುದು. ಅಧಿಕೃತ ಸರ್ವಿಸ್ ಸೆಂಟರಿನ ಅಂದಾಜುಪಟ್ಟಿ, ಫ್ರಿಜ್ಜಿನ ಹಳೆಯ ಬಿಲ್ಲು ಇವೆರಡು ಕೈಯಲ್ಲಿದ್ದರೆ ಮಾತು ಒಂದು ಮೊತ್ತದ ಸುತ್ತ ನಡೆಯುತ್ತದೆ. ಮೂರು ವರ್ಷ ಬಳಸಿದ ಫ್ರಿಜ್ಜಿಗೆ ಹೊಸದರ ಬೆಲೆ ಕೇಳಿದರೆ ಸಿಗುವುದಿಲ್ಲ. ರಿಪೇರಿ ಖರ್ಚು, ರಿಪೇರಿಯಾಗದಿದ್ದರೆ ಸವಕಳಿ ಕಳೆದ ಬೆಲೆ, ಇದು ನ್ಯಾಯವಾದ ಬೇಡಿಕೆ.

ಅದೂ ಆಗದಿದ್ದರೆ ಗ್ರಾಹಕ ಆಯೋಗ. ಸಾಗಣೆದಾರರ ಮೇಲೆ ಗ್ರಾಹಕ ವೇದಿಕೆಗೆ ಹೋಗಬಹುದೆಂದು ಸುಪ್ರೀಂ ಕೋರ್ಟು 2000ದಲ್ಲೇ ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ ಹೇಳಿದೆ. ಬಿಲ್ಟಿಯ ಕೆಳಗೆ "ಹುಬ್ಬಳ್ಳಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ" ಎಂದು ಅಚ್ಚಾಗಿರುವುದನ್ನು ನೋಡಿ ಊರು ಬಿಟ್ಟು ಬಂದವರು ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ತಾನು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. ಪುಣೆಗೆ ಬಂದವರು ಪುಣೆಯಲ್ಲಿ, ಚೆನ್ನೈಗೆ ಹೋದವರು ಚೆನ್ನೈಯಲ್ಲಿ. ಇದಕ್ಕೆ ಎರಡು ವರ್ಷದ ಅವಧಿ ಇದೆ. ಕೊಟ್ಟ ಬಾಡಿಗೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೂ ಮೊದಲು 1915 ಸಹಾಯವಾಣಿಗೆ ಒಂದು ಫೋನು ಮಾಡಿ ನೋಡಬಹುದು, ಕೆಲವು ಕಂಪನಿಗಳು ಅಷ್ಟಕ್ಕೇ ಎಚ್ಚೆತ್ತುಕೊಳ್ಳುತ್ತವೆ. ಆದರೆ ಸಹಾಯವಾಣಿಯ ದೂರು 16ನೇ ಕಲಮಿನ ನೋಟೀಸಲ್ಲ. ಎರಡು ವರ್ಷ ಇದೆಯಲ್ಲ ಎಂದು ಕೂತರೂ ಆಗದು; ನಮ್ಮ ಉದಾಹರಣೆಯ ಮನೆಯವರ ಪತ್ರ ಡಿಸೆಂಬರ್ 1ರೊಳಗೆ ಕಂಪನಿಯ ಕಚೇರಿ ಮುಟ್ಟಿರಲೇಬೇಕು.